ಸಿಂಗಲ್, ಡಬಲ್, ಟ್ರಿಪಲ್: ಶೇರಿಂಗ್ ಫ್ಲಾಟ್‌ನಲ್ಲಿ ಒಂದೊಂದು ಬೆಡ್‌ಗೆ ಎಷ್ಟು ಬಾಡಿಗೆ ಇಡಬೇಕು?

ಬೆಂಗಳೂರಿನಲ್ಲಿ ಫ್ಲಾಟ್ ಹಿಡಿದು ಕೆಲಸಕ್ಕೆ ಹೋಗುವವರಿಗೆ ಬೆಡ್ ಲೆಕ್ಕದಲ್ಲಿ ಕೊಡುವವರು ಸಾಮಾನ್ಯವಾಗಿ ಎರಡು ರೀತಿ ರೇಟ್ ಇಡುತ್ತಾರೆ. ಒಂದು, ಪಕ್ಕದ ಬಿಲ್ಡಿಂಗ್‌ನವರು ಎಷ್ಟು ಕೇಳುತ್ತಿದ್ದಾರೆ ನೋಡಿ ಐನೂರು ಕಮ್ಮಿ ಹಾಕುವುದು. ಇನ್ನೊಂದು, ಒಟ್ಟು ಬಾಡಿಗೆಯನ್ನು ತಲೆ ಎಣಿಸಿ ಭಾಗ ಮಾಡಿ, ಸಿಂಗಲ್ ರೂಮಿನವರಿಗೆ ಸುಮ್ನೆ ಒಂದೆರಡು ಸಾವಿರ ಜಾಸ್ತಿ ಸೇರಿಸುವುದು. ಮೊದಲ ಮೂರು ತಿಂಗಳು ಎರಡೂ ಸರಿಯಾಗೇ ಕಾಣುತ್ತವೆ. ಒಂದು ಬೆಡ್ ಖಾಲಿಯಾದ ತಿಂಗಳು ಗೊತ್ತಾಗುತ್ತದೆ, ಯಾವ ರೂಮ್ ದುಡಿಯುತ್ತಿತ್ತು, ಯಾವ ರೂಮ್ ಬೇರೆ ರೂಮಿನ ದುಡ್ಡಿನಲ್ಲಿ ನಡೆಯುತ್ತಿತ್ತು ಅಂತ.

ಹಾಗಾಗಿ ಇಲ್ಲಿ ಒಂದೇ ಫ್ಲಾಟ್ ತೆಗೆದುಕೊಂಡು ಪೂರ್ತಿ ಲೆಕ್ಕ ಮಾಡುತ್ತೇನೆ. ಮಾರತ್ತಹಳ್ಳಿ ಕಡೆಯ ಒಂದು 3 ಬಿಎಚ್‌ಕೆ ಅಂತ ಇಟ್ಟುಕೊಳ್ಳಿ. ಊಟ ಇಲ್ಲ, ಅಡುಗೆಮನೆ ಇದೆ, ಬೇಕಾದವರು ಮಾಡಿಕೊಳ್ಳಬಹುದು. ನಿಮ್ಮ ಏರಿಯಾ ಬೇರೆ ಆಗಿದ್ದರೆ ಅಂಕಿ ಬದಲಾಗುತ್ತವೆ, ಲೆಕ್ಕ ಮಾಡುವ ದಾರಿ ಅದೇ.

ಖರ್ಚಿನಿಂದ ಶುರು ಮಾಡೋಣ. ಬಾಡಿಗೆ 46,000. ಓನರ್‌ಗೆ ಕೊಟ್ಟ ಅಡ್ವಾನ್ಸ್ ಮೂರೂವರೆ ಲಕ್ಷ, ಅದನ್ನು 7% ಬಡ್ಡಿಗೆ ಬ್ಯಾಂಕಿನಲ್ಲಿ ಇಟ್ಟಿದ್ದರೆ ತಿಂಗಳಿಗೆ ಸುಮಾರು 2,000 ಬರುತ್ತಿತ್ತು, ಅದೂ ನಿಮ್ಮ ಖರ್ಚೇ. ಇದನ್ನು ಬಹಳ ಜನ ಲೆಕ್ಕಕ್ಕೇ ತರುವುದಿಲ್ಲ. ಎರಡೂ ಸೇರಿ 48,000. ಮೇಲೆ ಅಪಾರ್ಟ್‌ಮೆಂಟ್ ಮೆಂಟೇನೆನ್ಸ್ 5,000, ಗುಡಿಸಿ ಒರೆಸಿ ಬಾತ್‌ರೂಮ್ ತೊಳೆಯುವವರಿಗೆ 5,000, ಇಂಟರ್ನೆಟ್ 1,000. ಮಂಚ, ಹಾಸಿಗೆ, ಫ್ರಿಜ್, ವಾಷಿಂಗ್ ಮಷೀನ್ ಸವೆಯುವುದಕ್ಕೆ 3,000. ಒಟ್ಟು 62,000. ಫ್ಲಾಟ್ ತುಂಬಿದ್ದರೂ ಖಾಲಿ ಇದ್ದರೂ ಇಷ್ಟು ಹೋಗುತ್ತದೆ.

ಇದರ ಮೇಲೆ ತಲೆಗೆ ಇಷ್ಟು ಅಂತ ಏರುವ ಖರ್ಚು ಎರಡೇ, ನೀರು ಮತ್ತು ಕರೆಂಟು. ಪಿಜಿಗಳಲ್ಲಿ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಕೊಡಬೇಕು ಅಂತ 2024ರಲ್ಲಿ ಆಗಿನ ಬಿಬಿಎಂಪಿ ನಿಯಮ ಮಾಡಿತ್ತು. ಆ ಲೆಕ್ಕದಲ್ಲಿ ತಿಂಗಳಿಗೆ 4,050 ಲೀಟರ್. 6,000 ಲೀಟರಿನ ಟ್ಯಾಂಕರ್‌ಗೆ 900 ಕೊಡುತ್ತಿದ್ದರೆ ತಲೆಗೆ ಸುಮಾರು 600 ಆಯಿತು. ಕಾವೇರಿ ನೀರು ಸರಿಯಾಗಿ ಬರುವ ಕಡೆ ಇದು ಕಮ್ಮಿ. ಬೇಸಿಗೆಯಲ್ಲಿ ಬೋರ್ ನಿಂತುಹೋಗುವ ಕಡೆ ಜಾಸ್ತಿ. ಕರೆಂಟು ಒಬ್ಬರಿಗೆ 45 ಯೂನಿಟ್ ಹಿಡಿಯೋಣ. 2025ರ ಏಪ್ರಿಲ್‌ನ ದರದಲ್ಲಿ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ಮೇಲೆ ಸರ್ಚಾರ್ಜು, ತೆರಿಗೆ, ಕಿಲೋವ್ಯಾಟ್‌ಗೆ 145ರ ನಿಗದಿತ ಶುಲ್ಕ. ಎಲ್ಲ ಸೇರಿ ತಲೆಗೆ ಸುಮಾರು 400. ಗೃಹಜ್ಯೋತಿ ನಂಬಿಕೊಂಡು ಕರೆಂಟು ಫ್ರೀ ಅಂತ ರೇಟ್ ಇಡಬೇಡಿ. ಐದು ಜನರಿಗೆ 225 ಯೂನಿಟ್ ಆಗುತ್ತದೆ, 200 ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು. ಅಂದರೆ ನೀರು, ಕರೆಂಟು ಸೇರಿ ತಲೆಗೆ 1,000.

ರೂಮಿಗೊಂದು ಬೆಲೆ, ತಲೆಗೊಂದು ಬೆಲೆ

ಈಗ ಮುಖ್ಯ ಕೆಲಸ. 48,000 ಬಾಡಿಗೆಯಲ್ಲಿ ಹಾಲ್, ಅಡುಗೆಮನೆ, ಯುಟಿಲಿಟಿ ಇವುಗಳ ಬೆಲೆಯೂ ಸೇರಿದೆ. ಅವನ್ನು ಎಲ್ಲರೂ ಸಮನಾಗಿ ಬಳಸುತ್ತಾರೆ, ಸಿಂಗಲ್ ರೂಮಿನವರು ಫ್ರಿಜ್‌ನಲ್ಲಿ ಮೂರು ಶೆಲ್ಫ್ ಹಿಡಿಯುವುದಿಲ್ಲ ಅಲ್ವಾ? ಆದ್ದರಿಂದ ಮೂರನೇ ಒಂದು ಭಾಗ, 16,000, ತಲೆ ಲೆಕ್ಕಕ್ಕೆ. ಉಳಿದ 32,000 ರೂಮುಗಳ ಲೆಕ್ಕಕ್ಕೆ. ಮೆಂಟೇನೆನ್ಸ್, ಕೆಲಸದವರು, ಇಂಟರ್ನೆಟ್, ಸವೆತ ಇವೂ ತಲೆ ಲೆಕ್ಕವೇ, 14,000. ಹಾಗಾಗಿ ತಲೆ ಲೆಕ್ಕದ ಒಟ್ಟು 30,000.

ಟೇಪ್ ಹಿಡಿದು ರೂಮು ಅಳೆಯಿರಿ. ಬ್ರೋಷರ್‌ನಲ್ಲಿರುವ ಅಳತೆ ಬೇಡ. ನಮ್ಮ ಫ್ಲಾಟ್‌ನಲ್ಲಿ ಮಾಸ್ಟರ್ ಬೆಡ್‌ರೂಮ್ 14×12, ಅಂದರೆ 168 ಚದರ ಅಡಿ. ಅದಕ್ಕೆ 40 ಅಡಿಯ ಅಟ್ಯಾಚ್ಡ್ ಬಾತ್‌ರೂಮ್ ಇದೆ, 24 ಅಡಿಯ ಬಾಲ್ಕನಿ ಇದೆ. ಬಾಲ್ಕನಿಯನ್ನು ಅರ್ಧ ಹಿಡಿದರೆ ಸಾಕು, ಒಟ್ಟು 220. ಎರಡನೇ ರೂಮ್ 13×11, 143 ಅಡಿ, ಬಾತ್‌ರೂಮ್ 37, ಒಟ್ಟು 180. ಮೂರನೆಯದು 10×10, ಬಾತ್‌ರೂಮ್ ಹಾಲ್‌ನಲ್ಲಿ, ಹಾಗಾಗಿ 100 ಅಷ್ಟೇ. ಮೂರೂ ಸೇರಿ 500. ಈ ಪಾಲಿನಂತೆ 32,000 ಹಂಚಿದರೆ ಮಾಸ್ಟರ್ ರೂಮಿನ ಬೆಲೆ 14,080, ಎರಡನೆಯದು 11,520, ಸಣ್ಣದು 6,400.

ಮಾಸ್ಟರ್ ಡಬಲ್, ಎರಡನೆಯದು ಡಬಲ್, ಸಣ್ಣದು ಸಿಂಗಲ್. ಐದು ಜನ. ತಲೆ ಲೆಕ್ಕದ 30,000 ಐದಕ್ಕೆ ಹಂಚಿದರೆ 6,000, ನೀರು ಕರೆಂಟಿನ 1,000 ಸೇರಿ ತಲೆಗೆ 7,000. ಇದಕ್ಕೆ ರೂಮಿನ ಪಾಲು ಕೂಡಿಸಿ. ಮಾಸ್ಟರ್‌ನ ಒಂದು ಬೆಡ್‌ಗೆ ಬೀಳುವ ಖರ್ಚು 14,040. ಎರಡನೇ ರೂಮಿನ ಬೆಡ್‌ಗೆ 12,760. ಸಣ್ಣ ಸಿಂಗಲ್‌ಗೆ 13,400.

ಇಲ್ಲಿ ಒಂದು ನಿಮಿಷ ನಿಲ್ಲಿ. ಸಿಂಗಲ್ ರೂಮಿಗೆ ಬೀಳುವ ಖರ್ಚು ಮಾಸ್ಟರ್‌ನ ಅರ್ಧ ರೂಮಿಗಿಂತ ಕಮ್ಮಿ! ಆದರೆ ಬಾಡಿಗೆಗೆ ಬರುವವರು ಒಂಟಿ ರೂಮಿಗೆ ಯಾವಾಗಲೂ ಜಾಸ್ತಿ ಕೊಡಲು ಸಿದ್ಧ ಇರುತ್ತಾರೆ. ಬಾಗಿಲು ಹಾಕಿಕೊಂಡು ಮೀಟಿಂಗ್‌ಗೆ ಕೂರಬಹುದು, ರಾತ್ರಿ ಎಷ್ಟೊತ್ತಿಗಾದರೂ ಲೈಟ್ ಹಾಕಬಹುದು. ಅದಕ್ಕೇ ಈ ಥರದ ಫ್ಲಾಟ್‌ನಲ್ಲಿ ಲಾಭ ಬರುವ ಜಾಗ ಸಣ್ಣ ಸಿಂಗಲ್ ರೂಮ್. ದೊಡ್ಡ ರೂಮಿನಲ್ಲಿ ಇನ್ನೊಂದು ಮಂಚ ತುರುಕುವುದರಲ್ಲಿ ಲಾಭ ಹುಡುಕುವವರು ತಪ್ಪು ಕಡೆ ನೋಡುತ್ತಿದ್ದಾರೆ.

ಖಾಲಿ ಬೆಡ್ಡಿನ ಲೆಕ್ಕ

ಮೇಲಿನ ಅಂಕಿಗಳು ಹನ್ನೆರಡು ತಿಂಗಳೂ ಫ್ಲಾಟ್ ತುಂಬಿದ್ದರೆ ಮಾತ್ರ. ಹಾಗೆ ಯಾವ ಫ್ಲಾಟೂ ಇರುವುದಿಲ್ಲ. ಸಿಂಗಲ್ ಮತ್ತು ಡಬಲ್‌ಗೆ ವರ್ಷದಲ್ಲಿ ಬೆಡ್‌ಗೆ ಒಂದು ತಿಂಗಳು ಖಾಲಿ ಹಿಡಿಯುವುದು ಕ್ಷೇಮ. ಖರ್ಚನ್ನು 12ರಿಂದ ಗುಣಿಸಿ 11ರಿಂದ ಭಾಗಿಸಿ. ಮಾಸ್ಟರ್ ಬೆಡ್ 15,316, ಎರಡನೆಯದು 13,920, ಸಿಂಗಲ್ 14,618. ಇದಕ್ಕಿಂತ ಕೆಳಗೆ ರೇಟ್ ಇಟ್ಟರೆ ಕೈಯಿಂದ ಹೋಗುತ್ತದೆ.

ಕೆಳಗಿನ ಮಿತಿ ಗೊತ್ತಾಯಿತು. ಮೇಲಿನ ಮಿತಿ ಎಲ್ಲಿಂದ ಬರುತ್ತದೆ? ಮೂರು ಥರದ ಬೆಡ್‌ಗೂ ಎದುರಾಳಿ ಬೇರೆ ಬೇರೆ. ಸಿಂಗಲ್ ಹುಡುಕುವವರು ಮನಸ್ಸಿನಲ್ಲಿ ಹೋಲಿಸುವುದು ಒಂದು ಸ್ವಂತ 1 ಬಿಎಚ್‌ಕೆ ಜೊತೆ. ಆ ಏರಿಯಾದಲ್ಲಿ ಅದು 20,000 ಅಂದುಕೊಳ್ಳಿ, ಕೆಲಸದವರು, ಇಂಟರ್ನೆಟ್, ನೀರು, ಕರೆಂಟು ಸೇರಿ 24,000 ಆಗುತ್ತದೆ. ಮೇಲೆ ದೊಡ್ಡ ಅಡ್ವಾನ್ಸ್ ಕೊಡಬೇಕು, ಮಂಚ ಫ್ರಿಜ್ ಕೊಳ್ಳಬೇಕು. ನಿಮ್ಮ ಸಿಂಗಲ್ ಇದಕ್ಕಿಂತ ಸಾಕಷ್ಟು ಕೆಳಗಿರಬೇಕು. ಡಬಲ್ ಹುಡುಕುವವರು ಹೋಲಿಸುವುದು ಇದೇ ಥರದ ಇನ್ನೊಂದು ಫ್ಲಾಟ್‌ನ ಡಬಲ್ ಜೊತೆ, ಹಾಗಾಗಿ ಅಲ್ಲಿ ನೂರಿನ್ನೂರರ ವ್ಯತ್ಯಾಸವೂ ಕಾಣುತ್ತದೆ. ಟ್ರಿಪಲ್ ಹುಡುಕುವವರು ಹೋಲಿಸುವುದು ಪಿಜಿ ಜೊತೆ. ಪಿಜಿಯಲ್ಲಿ ಮೂರು ಹೊತ್ತು ಊಟ ಸೇರಿರುತ್ತದೆ. ಈ ಕೊನೆಯ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನಾದರೆ ಈ ಫ್ಲಾಟ್‌ನಲ್ಲಿ ಮಾಸ್ಟರ್ ಬೆಡ್ 15,500, ಎರಡನೇ ರೂಮಿನ ಬೆಡ್ 14,000, ಸಿಂಗಲ್ 18,500 ಇಡುತ್ತೇನೆ. ತುಂಬಿದ ತಿಂಗಳು 77,500. ಹನ್ನೆರಡರಲ್ಲಿ ಹನ್ನೊಂದು ಭಾಗ ಹಿಡಿದರೆ 71,000 ಚಿಲ್ಲರೆ. ಖರ್ಚು 67,000. ತಿಂಗಳಿಗೆ ಸುಮಾರು 4,000 ಉಳಿಯುತ್ತದೆ. ಒಂದು ಫ್ಲಾಟ್‌ನಿಂದ ಬರುವುದು ಇಷ್ಟೇ. ಇದಕ್ಕಿಂತ ಬಹಳ ಜಾಸ್ತಿ ಬರುತ್ತದೆ ಅಂತ ಯಾರಾದರೂ ಹೇಳಿದರೆ ಅವರು ಖಾಲಿ ತಿಂಗಳನ್ನೋ, ಅಡ್ವಾನ್ಸ್ ಬಡ್ಡಿಯನ್ನೋ ಬಿಟ್ಟಿರುತ್ತಾರೆ.

ಸಿಂಗಲ್‌ಗೆ 17,000 ಇಟ್ಟರೂ ಲಾಭವೇ ಇತ್ತಲ್ಲ ಅಂತ ಕೇಳಬಹುದು. ಇತ್ತು. ಆದರೆ ಆಗ 15,500 ಕೊಡುವ ಡಬಲ್‌ನವರಿಗೂ ಸಿಂಗಲ್‌ಗೂ 1,500 ಮಾತ್ರ ಅಂತರ. ಡಬಲ್‌ನಲ್ಲಿ ಇರುವವರೆಲ್ಲ "ಆ ರೂಮ್ ಖಾಲಿಯಾದರೆ ನನಗೇ ಹೇಳಿ" ಅನ್ನಲು ಶುರು ಮಾಡುತ್ತಾರೆ, ಸಿಗದಿದ್ದಾಗ ಹೊರಗೆ ಸಿಂಗಲ್ ಹುಡುಕಿಕೊಂಡು ಹೋಗುತ್ತಾರೆ. ಈ ರೇಟಿನ ಫ್ಲಾಟ್‌ನಲ್ಲಿ ಸಿಂಗಲ್‌ಗೂ ಒಳ್ಳೆಯ ಡಬಲ್‌ಗೂ 3,000 ಅಂತರ ಇದ್ದರೆ ಇಬ್ಬರೂ ತಮ್ಮ ತಮ್ಮ ಜಾಗದಲ್ಲಿ ನೆಮ್ಮದಿಯಾಗಿರುತ್ತಾರೆ.

ಮಾಸ್ಟರ್ ರೂಮನ್ನೇ ಸಿಂಗಲ್ ಆಗಿ ಕೊಟ್ಟರೆ? ಆಗ ಫ್ಲಾಟ್‌ನಲ್ಲಿ ನಾಲ್ಕೇ ಜನ. ತಲೆ ಲೆಕ್ಕ 7,500ಕ್ಕೆ ಏರುತ್ತದೆ. ರೂಮಿನ 14,080, ನೀರು ಕರೆಂಟು 1,000, ಒಟ್ಟು 22,580. ಖಾಲಿ ತಿಂಗಳು ಸೇರಿಸಿದರೆ 24,633. ಅಷ್ಟು ಕೊಡುವವರು 1 ಬಿಎಚ್‌ಕೆಗೇ ಹೋಗುತ್ತಾರೆ. ಸಣ್ಣ ರೂಮನ್ನು ಡಬಲ್ ಮಾಡುವುದಂತೂ ಬೇಡವೇ ಬೇಡ, ಎರಡು ಮಂಚ ಹಾಕಿದ ಮೇಲೆ ವಾರ್ಡ್‌ರೋಬ್ ಬಾಗಿಲು ತೆಗೆಯಲು ಜಾಗ ಇರುವುದಿಲ್ಲ.

ಟ್ರಿಪಲ್: ಕಾಗದದ ಮೇಲಿನ ಲಾಭ

ಈಗ ಎಲ್ಲರೂ ಕೇಳುವ ಪ್ರಶ್ನೆ. "ಸರ್, ಮಾಸ್ಟರ್‌ನಲ್ಲಿ ಇನ್ನೊಂದು ಕಾಟ್ ಹಾಕಿ, ಆರಾಮಾಗಿ ಹಿಡಿಯುತ್ತೆ" ಅಂತ ಬ್ರೋಕರ್ ಹೇಳುತ್ತಾರೆ. ಡಬಲ್‌ನಲ್ಲಿ 15,500ರಂತೆ 31,000 ಬರುತ್ತದೆ. ಟ್ರಿಪಲ್‌ನಲ್ಲಿ 11,500ರಂತೆ 34,500. ತಿಂಗಳಿಗೆ 3,500 ಜಾಸ್ತಿ, ಯಾಕೆ ಬಿಡಬೇಕು?

ಒಂದೊಂದಾಗಿ ಕಳೆಯೋಣ. ಮೂರನೆಯವರ ನೀರು ಕರೆಂಟು 1,000. ಆರು ಜನ ಆದರೆ ಕೆಲಸದವರು ಇನ್ನೊಂದು ಸಾವಿರ ಕೇಳುತ್ತಾರೆ, ಅದು ನ್ಯಾಯವೇ. ಸಾಮಾನು ಸವೆಯುವುದು ಒಂದು 500 ಜಾಸ್ತಿ. 2,500 ಹೋಯಿತು, ಉಳಿದದ್ದು 1,000. ಇದು ರೂಮ್ ತುಂಬಿರುವಾಗ.

ಟ್ರಿಪಲ್‌ನಲ್ಲಿ ಜನ ನಿಲ್ಲುವುದು ಕಮ್ಮಿ. ಸಂಬಳ ಏರಿದ ತಕ್ಷಣ ಡಬಲ್‌ಗೆ ಹೋಗುತ್ತಾರೆ, ಗೆಳೆಯರ ಫ್ಲಾಟ್‌ನಲ್ಲಿ ಜಾಗ ಆಯಿತು ಅಂತ ಹೋಗುತ್ತಾರೆ, ಒಬ್ಬರ ಶಿಫ್ಟ್ ಬದಲಾಗಿ ರಾತ್ರಿ ಮೂರಕ್ಕೆ ಬರಲು ಶುರು ಮಾಡಿದರೆ ಉಳಿದಿಬ್ಬರೂ ಹೋಗುತ್ತಾರೆ. ವರ್ಷಕ್ಕೆ ಬೆಡ್‌ಗೆ ಎರಡು ತಿಂಗಳು ಖಾಲಿ ಹಿಡಿಯಲೇಬೇಕು. 34,500ರಲ್ಲಿ ಹನ್ನೆರಡರಲ್ಲಿ ಹತ್ತು ಭಾಗ 28,750. ಡಬಲ್‌ನ 31,000ದಲ್ಲಿ ಹನ್ನೊಂದು ಭಾಗ ಸುಮಾರು 28,400. ಬರುವ ದುಡ್ಡು ಹೆಚ್ಚುಕಮ್ಮಿ ಒಂದೇ ಆಯಿತು, ಅದರಲ್ಲಿ ಮತ್ತೆ ಆ 2,500 ಖರ್ಚು ಕಳೆಯಬೇಕು. ಮೂರನೇ ಮಂಚ ಹಾಕಿ ತಿಂಗಳಿಗೆ ಎರಡು ಸಾವಿರದಷ್ಟು ಕಳೆದುಕೊಂಡಂತೆ.

ಹಾಗಾದರೆ ಟ್ರಿಪಲ್ ರೇಟ್ ಏರಿಸೋಣ ಅಂದರೆ ಎಷ್ಟಕ್ಕೆ? ಆರು ಜನರ ಲೆಕ್ಕದಲ್ಲಿ ತಲೆಗೆ 6,250, ರೂಮಿನ ಮೂರನೇ ಒಂದು ಭಾಗ 4,693, ಒಟ್ಟು 10,943. ಎರಡು ತಿಂಗಳು ಖಾಲಿ ಸೇರಿಸಿದರೆ 13,132. ಊಟ ಇಲ್ಲದ ಟ್ರಿಪಲ್ ಬೆಡ್‌ಗೆ ಹದಿಮೂರು ಸಾವಿರ! ಸುತ್ತಮುತ್ತಲಿನ ಪಿಜಿಯಲ್ಲಿ ಅದಕ್ಕಿಂತ ಕಮ್ಮಿಗೆ ಟ್ರಿಪಲ್ ಬೆಡ್ಡೂ ಸಿಗುತ್ತದೆ, ಬೆಳಗ್ಗೆ ಇಡ್ಲಿಯೂ ಸಿಗುತ್ತದೆ. ಟ್ರಿಪಲ್‌ನ ಎದುರಾಳಿ ಪಿಜಿ ಅಂದದ್ದು ಇದಕ್ಕೇ. ನಿಮ್ಮ ಟ್ರಿಪಲ್ ರೇಟಿನ ಮೇಲಿನ ಮಿತಿ ತಿಳಿಯಬೇಕಾದರೆ ಪಕ್ಕದ ಪಿಜಿಯ ಟ್ರಿಪಲ್ ರೇಟ್ ಕೇಳಿ. ಅದರಿಂದ ತಿಂಗಳ ಊಟದ ಖರ್ಚು ಕಳೆದು, ಅಡುಗೆಮನೆ, ಹಾಲ್, ಗೇಟಿಗೆ ಟೈಮ್ ಇಲ್ಲದ ಸ್ವಾತಂತ್ರ್ಯ ಇವಕ್ಕೆ ಒಂದೆರಡು ಸಾವಿರ ಕೂಡಿಸಿ. ಬರುವ ಅಂಕಿ ನಿಮ್ಮ ಖರ್ಚಿಗಿಂತ ಕಮ್ಮಿ ಇದ್ದರೆ ಟ್ರಿಪಲ್ ಬಿಟ್ಟುಬಿಡಿ.

ದುಡ್ಡಿನ ಆಚೆಗೂ ಒಂದು ವಿಷಯ ಇದೆ, ಅದು ನನಗೆ ಇನ್ನೂ ದೊಡ್ಡದು. 2024ರ ಅದೇ ನಿಯಮದಲ್ಲಿ ಪಿಜಿಯಲ್ಲಿ ಒಬ್ಬರಿಗೆ ಕನಿಷ್ಠ 70 ಚದರ ಅಡಿ ಇರಬೇಕು ಅಂತ ಇದೆ. ನಿಮ್ಮದು ಪಿಜಿ ಅಲ್ಲದಿದ್ದರೂ ಆ ಅಳತೆ ಇಟ್ಟುಕೊಳ್ಳಿ, ಯಾಕೆಂದರೆ ಅದಕ್ಕಿಂತ ಕಮ್ಮಿ ಜಾಗದಲ್ಲಿ ಒಬ್ಬರು ಕೂತು ಕೆಲಸ ಮಾಡಲು ಆಗುವುದಿಲ್ಲ. 168 ಅಡಿಯಲ್ಲಿ ಇಬ್ಬರಿಗೆ 84, ಮೂವರಿಗೆ 56. 143 ಅಡಿಯ ರೂಮಿನಲ್ಲಿ ಇಬ್ಬರು ಅಂದರೆ 71, ಅದು ಗೆರೆಯ ಮೇಲೇ ನಿಂತಿದೆ. ಟ್ರಿಪಲ್‌ಗೆ 210 ಅಡಿಯ ರೂಮ್ ಬೇಕು. ಈಗಿನ ಅಪಾರ್ಟ್‌ಮೆಂಟುಗಳಲ್ಲಿ ಅಷ್ಟು ದೊಡ್ಡ ಬೆಡ್‌ರೂಮ್ ಅಪರೂಪ.

ಆಮೇಲೆ ಬಾತ್‌ರೂಮ್. ಮೂವರಿಗೂ ಒಂಬತ್ತು ಗಂಟೆಯ ಕ್ಯಾಬ್ ಅಂತ ಇಟ್ಟುಕೊಳ್ಳಿ. ಹೆಚ್ಚಿನ ಫ್ಲಾಟ್‌ಗಳಲ್ಲಿ ಇರುವುದು 15 ಲೀಟರಿನ ಗೀಸರ್. ಮೊದಲನೆಯವರು ಧಾರಾಳವಾಗಿ ಸ್ನಾನ ಮಾಡಿದರೆ ಬಿಸಿನೀರು ಮುಗಿಯಿತು. 2 ಕಿಲೋವ್ಯಾಟ್ ಗೀಸರ್ ಮತ್ತೆ ಕಾಯಲು ಹದಿನೈದು ನಿಮಿಷ. ಎರಡನೆಯವರದು ಮುಗಿದು ಮೂರನೆಯವರ ಸರದಿ ಬರುವ ಹೊತ್ತಿಗೆ ಒಂದು ಗಂಟೆ ದಾಟಿರುತ್ತದೆ, ಅವರು ಹಾಲ್‌ನ ಬಾತ್‌ರೂಮ್‌ಗೆ ಹೋಗುತ್ತಾರೆ. ಅದು 18,500 ಕೊಡುವ ಸಿಂಗಲ್ ರೂಮಿನವರ ಬಾತ್‌ರೂಮ್. ಟ್ರಿಪಲ್‌ನಿಂದ ಬರುವ ಹೆಚ್ಚಿನ ಬಾಡಿಗೆ ಆಸೆಗೆ ಫ್ಲಾಟ್‌ನಲ್ಲೇ ಜಾಸ್ತಿ ದುಡ್ಡು ಕೊಡುವವರನ್ನು ಕಳೆದುಕೊಳ್ಳುವುದು ಹೀಗೆ.

ಟ್ರಿಪಲ್ ಎಲ್ಲೂ ಬೇಡ ಅಂತ ನಾನು ಹೇಳುತ್ತಿಲ್ಲ. ಜಯನಗರ, ಬಸವನಗುಡಿ ಕಡೆಯ ಹಳೆಯ ಮನೆಗಳಲ್ಲಿ ದೊಡ್ಡ ರೂಮು ಸಿಕ್ಕರೆ, ಅಡುಗೆಯವರನ್ನು ಇಟ್ಟು ಊಟ ಕೊಟ್ಟರೆ, ಲೆಕ್ಕ ಬದಲಾಗುತ್ತದೆ. ಒಂದೇ ಕಾಲೇಜಿನಿಂದ ಬಂದ ಮೂವರು ಗೆಳೆಯರು ಒಟ್ಟಿಗೆ ಕೇಳಿದರೂ ಕೊಡಬಹುದು. ಆದರೆ ಅವರಿಗೆ ಬೆಡ್ ರೇಟ್ ಹೇಳಬೇಡಿ, ರೂಮ್ ರೇಟ್ ಹೇಳಿ. 33,000 ಪೂರ್ತಿ ರೂಮಿಗೆ, ಒಬ್ಬರು ಬಿಟ್ಟರೆ ಇನ್ನೊಬ್ಬರನ್ನು ಕರೆತರುವುದು ಅವರ ಜವಾಬ್ದಾರಿ ಅಂತ ಅಗ್ರಿಮೆಂಟಿನಲ್ಲೇ ಬರೆಯಿರಿ. ಆಗ ಖಾಲಿ ಬೆಡ್ಡಿನ ಭಾರ ನಿಮ್ಮ ಮೇಲಿಲ್ಲ. ಆ ಭಾರ ಇಲ್ಲದಿದ್ದರೆ ಮಾತ್ರ ಟ್ರಿಪಲ್‌ನಲ್ಲಿ ಏನಾದರೂ ಉಳಿಯುತ್ತದೆ.

ರೇಟ್ ಇಟ್ಟ ಮೇಲೆ

ಡಬಲ್ ರೂಮಿನ ಎರಡು ಬೆಡ್‌ಗೂ ಒಂದೇ ರೇಟ್ ಇಡಬೇಕಾಗಿಲ್ಲ. ಕಿಟಕಿ ಪಕ್ಕದ ಬೆಡ್‌ಗೂ ಬಾಗಿಲ ಪಕ್ಕದ ಬೆಡ್‌ಗೂ 500 ವ್ಯತ್ಯಾಸ ಮಾಡಬಹುದು. ಅದಕ್ಕಿಂತ ಜಾಸ್ತಿ ಮಾಡಿದರೆ ರೂಮಿನಲ್ಲಿ ಇಬ್ಬರ ನಡುವೆ ಕಿರಿಕಿರಿ ಶುರುವಾಗುತ್ತದೆ. ಏಸಿ ಇದ್ದರೆ ಅದಕ್ಕೆ ಬೇರೆ ಮೀಟರ್ ಹಾಕಿಸಿ ಯೂನಿಟ್ ಲೆಕ್ಕದಲ್ಲಿ ಅವರಿಂದಲೇ ತೆಗೆದುಕೊಳ್ಳಿ. ಬೆಂಗಳೂರಿನಲ್ಲಿ ಮಾರ್ಚ್‌ನಿಂದ ಮೇವರೆಗೆ ಮಾತ್ರ ಬೇಕಾಗುವ ಏಸಿಯ ಖರ್ಚನ್ನು ವರ್ಷವಿಡೀ ಬಾಡಿಗೆಯಲ್ಲಿ ಸೇರಿಸಿದರೆ ನಿಮ್ಮ ರೇಟ್ ಸುಮ್ನೆ ದುಬಾರಿ ಕಾಣುತ್ತದೆ.

ಜಿಎಸ್‌ಟಿ ಬಗ್ಗೆ ಒಂದು ಮಾತು. 2024ರ ಜುಲೈ 15ರಿಂದ, ತಲೆಗೆ ತಿಂಗಳಿಗೆ 20,000ದ ಒಳಗೆ ಇದ್ದು ಕನಿಷ್ಠ 90 ದಿನ ಸತತವಾಗಿ ಉಳಿಯುವವರಿಗೆ ಕೊಟ್ಟ ವಾಸಕ್ಕೆ ವಿನಾಯಿತಿ ಇದೆ. ಒಂದು ಫ್ಲಾಟ್ ಇರುವವರಿಗೆ ಇದು ತಲೆನೋವಲ್ಲ, ನಮ್ಮ ಲೆಕ್ಕದ ಫ್ಲಾಟ್‌ನಿಂದ ವರ್ಷಕ್ಕೆ ಬರುವುದೇ ಒಂಬತ್ತು ಲಕ್ಷದ ಆಸುಪಾಸು. ಮೂರು ಫ್ಲಾಟ್ ನಡೆಸುವವರು ಜಿಎಸ್‌ಟಿ ನೋಂದಣಿಯ ಮಿತಿಯಾದ 20 ಲಕ್ಷ ದಾಟುತ್ತಾರೆ. ಅವರು ಸಿಂಗಲ್ ರೇಟ್ 20,000 ದಾಟಿಸುವ ಮೊದಲು, ಒಂದೆರಡು ತಿಂಗಳಿಗೆ ಅಂತ ಬರುವವರಿಗೆ ಕೊಡುವ ಮೊದಲು, ಆಡಿಟರ್ ಹತ್ತಿರ ಒಮ್ಮೆ ಕೇಳುವುದು ಒಳ್ಳೆಯದು.

ರೇಟ್ ಸರಿ ಇದೆಯಾ ಅಂತ ತಿಳಿಯುವುದು ಕಷ್ಟ ಇಲ್ಲ. ಹೊಸಬರು ಕೆಲಸಕ್ಕೆ ಸೇರುವ ಜುಲೈ, ಆಗಸ್ಟ್‌ನಲ್ಲಿ ಬೆಡ್ ಬೇಗ ಹೋದರೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಫೆಬ್ರುವರಿಯಲ್ಲೋ ನವೆಂಬರ್‌ನಲ್ಲೋ ಎರಡೇ ದಿನದಲ್ಲಿ ಹೋದರೆ ನೀವು ಕಮ್ಮಿ ಕೇಳಿದ್ದೀರಿ. ಬಂದು ನೋಡಿದವರೆಲ್ಲ ಚೆನ್ನಾಗಿದೆ ಅಂತ ಹೇಳಿ ಫೋನ್ ಮಾಡದೆ ಹೋದರೆ ರೇಟ್ ಜಾಸ್ತಿ. ಬರುವವರೇ ಇಲ್ಲದಿದ್ದರೆ ತೊಂದರೆ ಫೋಟೋದಲ್ಲೋ ಜಾಗದಲ್ಲೋ ಇದೆ, ರೇಟ್ ಮುಟ್ಟಬೇಡಿ. ಎರಡು ವಾರ ಕಾದೂ ಯಾರೂ ಒಪ್ಪದಿದ್ದರೆ ಇಳಿಸಿ, ಹಟ ಹಿಡಿಯಬೇಡಿ. 15,500ರ ಬೆಡ್ ಒಂದು ತಿಂಗಳು ಖಾಲಿ ಬಿದ್ದರೆ ಮುಂದಿನ ಹನ್ನೆರಡು ತಿಂಗಳಿಗೆ ಹಂಚಿದಾಗ ತಿಂಗಳಿಗೆ ಸುಮಾರು 1,290 ಕಳೆದುಕೊಂಡಂತೆ. ಅದರ ಬದಲು ಇವತ್ತೇ 14,800ಕ್ಕೆ ಒಪ್ಪಿ, ಹನ್ನೊಂದು ತಿಂಗಳ ಅಗ್ರಿಮೆಂಟ್ ಮಾಡಿಸಿ, ಬಿಡುವಾಗ ಒಂದು ತಿಂಗಳು ಮೊದಲೇ ಹೇಳಬೇಕು ಅಂತ ಬರೆಸಿಕೊಂಡರೆ ನಿಮಗೆ ಹೋಗುವುದು 700 ಮಾತ್ರ.